ಪ್ರತಿ ಸಲವೂ ಅದೇ ನಾಲ್ಕು ಕಾಳು

ನನಗೆ ಚಿಕ್ಕಂದಿನಿಂದಲೂ ರಕ್ತ ಕಡಿಮೆ. ನಮ್ಮ ಅವ್ವನಿಗೂ ಅಷ್ಟೇ. ಶಾಲೆಯಲ್ಲಿ ಕೊಟ್ಟ ಕೆಂಪು ಮಾತ್ರೆ ನುಂಗಿದೆ, ಮನೆಯಲ್ಲಿ ಖರ್ಜೂರ, ಬೆಲ್ಲ, ಶೇಂಗಾ, ರಾಜಗಿರಿ ಸೊಪ್ಪು ಎಲ್ಲ ತಿಂದೆ, ಆದರೂ ಹಿಮೋಗ್ಲೋಬಿನ್ ಒಂಬತ್ತೂವರೆ ಹತ್ತರ ಆಚೆ ಹೋಗಲೇ ಇಲ್ಲ. ಹಾಗಂತ ಸುಸ್ತೂ ಇರಲಿಲ್ಲ. ಹೊಲಕ್ಕೆ ಹೋಗುತ್ತಿದ್ದೆ, ಬುತ್ತಿ ಹೊರುತ್ತಿದ್ದೆ, ಎಲ್ಲ ಕೆಲಸ ಮಾಡುತ್ತಿದ್ದೆ. ಮೊದಲನೇ ಮಗಳು ಹೊಟ್ಟೆಯಲ್ಲಿದ್ದಾಗ ತೋರಿಸಿದ ಆಸ್ಪತ್ರೆಯಲ್ಲಿ ದಿನಕ್ಕೆ ಎರಡು ಕಬ್ಬಿಣದ ಮಾತ್ರೆ ಕೊಟ್ಟರು. ಏಳನೇ ತಿಂಗಳಲ್ಲಿ ಕಬ್ಬಿಣದ ಡ್ರಿಪ್ಪನ್ನೂ ಹಾಕಿದರು. ಅಷ್ಟೆಲ್ಲ ಆದ ಮೇಲೆ 9.2 ಇದ್ದದ್ದು 9.4 ಆಯಿತು. "ಮಾತ್ರೆ ಸರಿಯಾಗಿ ತಗೊಂಡಿಲ್ಲ ನೀನು" ಅಂತ ಬೈಸಿಕೊಂಡೆ. ಒಂದು ದಿನವೂ ತಪ್ಪಿಸಿರಲಿಲ್ಲ. ಮಾತ್ರೆ ತಗೊಂಡರೂ ಯಾಕೆ ಏರಲಿಲ್ಲ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕೇಳಿದವರು ಎರಡನೇ ಬಸಿರಿನಲ್ಲಿ ಸಿಕ್ಕ ಡಾಕ್ಟರಮ್ಮ. ಆಗ ಮಗಳಿಗೆ ನಾಲ್ಕು ವರ್ಷ. ಗವಿಮಠದ ಜಾತ್ರೆ ಮುಗಿದ ವಾರ, ನನಗೆ ಎಂಟು ವಾರ ತುಂಬಿತ್ತು. ನಮ್ಮೂರಿನಿಂದ ಕೊಪ್ಪಳಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಎಲ್ಲರೂ ನೋಡುವುದು ಮೊದಲನೇ ಸಾಲು, ಹಿಮೋಗ್ಲೋಬಿನ್. ನನ್ನದು 9.8 ಇತ್ತು. ಡಾಕ್ಟರಮ್ಮ ಅದನ್ನು ನೋಡಿ, ಪೆನ್ನಿನಿಂದ ಕೆಳಗಿನ ಎರಡು ಸಾಲಿಗೆ ಗೆರೆ ಎಳೆದರು. ಒಂದು ಎಂಸಿವಿ, ಅಂದರೆ ಕೆಂಪು ರಕ್ತಕಣದ ಗಾತ್ರ. ಅದು 80ರ ಮೇಲೆ ಇರಬೇಕು, ನನ್ನದು 62. ಇನ್ನೊಂದು ಕೆಂಪು ಕಣಗಳ ಎಣಿಕೆ. ಅದು 5.2, ಅಂದರೆ ಕಡಿಮೆ ಇಲ್ಲ, ಬಸುರಿಗೆ ಸ್ವಲ್ಪ ಜಾಸ್ತಿನೇ.

"ಕಬ್ಬಿಣ ಕಡಿಮೆ ಆದ್ರ ಕಣಾನೂ ಸಣ್ಣವು ಆಗ್ತಾವ, ಎಣಿಕಿನೂ ಕಡಿಮಿ ಆಗ್ತದ. ನಿಂದು ಕಣ ಭಾಳ ಸಣ್ಣವು ಅದಾವ, ಆದ್ರ ಎಣಿಕಿ ತುಂಬಾ ಅದ. ಇದು ಬ್ಯಾರೆ ಇರ್ಬೇಕು" ಅಂದರು. 62 ಅನ್ನು 5.2ರಿಂದ ಭಾಗಿಸಿದರು. ಹನ್ನೆರಡರ ಹತ್ತಿರ ಬಂತು. 13ಕ್ಕಿಂತ ಕಡಿಮೆ ಬಂದರೆ ಥಲಸ್ಸೇಮಿಯಾ ಮೈನರ್, ಅಂದರೆ ಹೆತ್ತವರಿಂದ ಇಳಿದು ಬರುವ ಹಿಮೋಗ್ಲೋಬಿನ್ ದೋಷದ ಹಗುರ ರೂಪ, ಇರಬಹುದು ಅನ್ನೋ ಅನುಮಾನ ಬರುತ್ತದಂತೆ. ಅದು ಅನುಮಾನಕ್ಕೆ ಮಾತ್ರ, ತೀರ್ಪಿಗೆ ಸಾಲುವುದಿಲ್ಲ ಅಂತಲೂ ಹೇಳಿದರು. ದೇಹದಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ, ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರೆ ಬೇರೆ ಮಾಡಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ, ಎರಡಕ್ಕೂ ಬರೆದುಕೊಟ್ಟರು.

ಮೂರು ದಿನದಲ್ಲಿ ಬಂತು. ಫೆರಿಟಿನ್ 48, ಕಬ್ಬಿಣ ಸಾಕಷ್ಟು ಇದೆ. ಎಚ್‌ಬಿ ಎ2 ಅನ್ನೋ ಹಿಮೋಗ್ಲೋಬಿನ್ ಬಗೆ 5.3 ಪರ್ಸೆಂಟ್. ಅದು ಸಾಮಾನ್ಯವಾಗಿ ಮೂರೂವರೆಯ ಒಳಗೆ ಇರುತ್ತದೆ. ಅಂದರೆ ನಾನು ಬೀಟಾ ಥಲಸ್ಸೇಮಿಯಾ ಕ್ಯಾರಿಯರ್. ಕನ್ನಡದಲ್ಲಿ ವಾಹಕಿ ಅನ್ನುತ್ತಾರೆ. ರಿಪೋರ್ಟಿನಲ್ಲಿ 'ಮೈನರ್' ಅಂತ ಬರೆದಿತ್ತು. ನಾನು ಅತ್ತುಬಿಟ್ಟೆ, ಕ್ಯಾನ್ಸರ್ ತರಹ ಏನೋ ಬಂತು ಅಂದುಕೊಂಡೆ.

ಡಾಕ್ಟರಮ್ಮ ಕೂರಿಸಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಕಟ್ಟಲು ಬೀಟಾ ಅನ್ನೋ ಒಂದು ಭಾಗ ಬೇಕು. ಅದನ್ನು ಮಾಡುವ ಸೂಚನೆ, ಅಂದರೆ ಜೀನ್, 11ನೇ ಕ್ರೋಮೋಸೋಮಿನಲ್ಲಿದೆ. ಪ್ರತಿಯೊಬ್ಬರಿಗೂ ಎರಡೆರಡು ಪ್ರತಿ ಇರುತ್ತವೆ, ಅವ್ವನಿಂದ ಒಂದು, ಅಪ್ಪನಿಂದ ಒಂದು. ನನ್ನ ಎರಡರಲ್ಲಿ ಒಂದು ಕೆಟ್ಟಿದೆ. ಜೋಡೆತ್ತಿನಲ್ಲಿ ಒಂದು ಕುಂಟಿದರೂ ಇನ್ನೊಂದು ಗಟ್ಟಿ ಇದ್ದರೆ ಬಂಡಿ ಮನೆ ಮುಟ್ಟುತ್ತದೆ ಅಲ್ವಾ, ಹಾಗೆ. ಕಣ ಸಣ್ಣವಾಗುತ್ತವೆ, ಹಿಮೋಗ್ಲೋಬಿನ್ ಸ್ವಲ್ಪ ಕೆಳಗೇ ಇರುತ್ತದೆ, ಅಷ್ಟೇ. ಇದು ಕಾಯಿಲೆ ಅಲ್ಲ. ಎರಡೂ ಪ್ರತಿ ಕೆಟ್ಟಿದ್ದರೆ ಬರುವ ದೊಡ್ಡ ಕಾಯಿಲೆಗೆ ಮೇಜರ್ ಅನ್ನುತ್ತಾರೆ, ಇದು ಮುಂದೆ ಬೆಳೆದು ಆ ಮೇಜರ್ ಆಗುವುದೂ ಇಲ್ಲ. ಹುಟ್ಟುವಾಗ ಹೇಗಿತ್ತೋ ಸಾಯುವವರೆಗೂ ಹಾಗೇ. ಇಷ್ಟು ಹೇಳಿ ಅವರು ಕೇಳಿದ ಮುಂದಿನ ಪ್ರಶ್ನೆಗೇ ನನ್ನ ಎದೆ ಝಲ್ ಅಂದದ್ದು.

"ನಿಮ್ಮ ಮನಿಯವರು ಸಂಬಂಧದಾಗ ಏನು?"

ಹೌದು. ನನ್ನ ಅವ್ವನ ಖಾಸ ಅಣ್ಣನ ಮಗ. ಸೋದರಮಾವನ ಮನೆಗೇ ನನ್ನನ್ನು ಕೊಟ್ಟಿದ್ದಾರೆ. ನಮ್ಮ ಕಡೆ ಇದು ಹೊಸದೇನಲ್ಲ.

ಆವತ್ತೇ ನಮ್ಮನೆಯವರ ರಕ್ತ ತೆಗೆಸಿದೆವು. ಅವರಿಗೆ ಹಿಮೋಗ್ಲೋಬಿನ್ 12.6, ಒಂದು ದಿನವೂ ಜ್ವರ ಅಂತ ಮಲಗಿದವರಲ್ಲ, ನೂರು ಕೆಜಿ ಭತ್ತದ ಚೀಲ ಎತ್ತುವ ಮನುಷ್ಯ. ಅವರದ್ದು ಎಂಸಿವಿ 65, ಎಚ್‌ಬಿ ಎ2 5.6. ಅವರೂ ಕ್ಯಾರಿಯರ್.

ಮನೆಯಲ್ಲಿ ವಿಷಯ ಗೊತ್ತಾದಾಗ ಅತ್ತೆ ಮೊದಲು ಅಂದದ್ದು "ನಮ್ಮ ಕಡೆ ಯಾರಿಗೂ ಇಂಥಾದ್ದು ಇಲ್ಲ" ಅಂತ. ಅವರು ಹೇಳಿದ್ದು ನಿಜವೇ. ಆಮೇಲೆ ಎಲ್ಲರ ಪರೀಕ್ಷೆ ಮಾಡಿಸಿದಾಗ ಅತ್ತೆಯ ರಕ್ತ ಪೂರ್ತಿ ಸರಿ ಇತ್ತು, ನನ್ನ ಅಪ್ಪನದೂ ಸರಿ ಇತ್ತು. ಸಿಕ್ಕಿದ್ದು ನನ್ನ ಅವ್ವನಲ್ಲಿ ಮತ್ತು ನನ್ನ ಮಾವನಲ್ಲಿ, ಅಂದರೆ ಒಡಹುಟ್ಟಿದ ಅಣ್ಣ ತಂಗಿಯಲ್ಲಿ. ತೀರಿಕೊಂಡ ಅಜ್ಜ ಅಥವಾ ಅಜ್ಜಿ, ಇಬ್ಬರಲ್ಲಿ ಒಬ್ಬರಿಂದ ಇಬ್ಬರಿಗೂ ಇಳಿದಿತ್ತು. ಅವ್ವನಿಂದ ನನಗೆ ಬಂತು, ಮಾವನಿಂದ ಅವರ ಮಗನಿಗೆ ಹೋಯಿತು. ಒಂದೇ ಮನೆಯ ಒಂದು ತಪ್ಪು ಎರಡು ದಾರಿ ಹಿಡಿದು, ನಮ್ಮ ಮದುವೆಯಲ್ಲಿ ಮತ್ತೆ ಕೂಡಿತ್ತು.

ಸಂಬಂಧದಲ್ಲಿ ಮದುವೆ ಆದದ್ದರಿಂದ ಕಾಯಿಲೆ ಹುಟ್ಟಿತು ಅಂತ ಕೆಲವರು ಅಂದರು. ಅದು ಸರಿಯಲ್ಲ. ಮದುವೆ ಜೀನನ್ನು ಕೆಡಿಸುವುದಿಲ್ಲ. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಜನ ಕ್ಯಾರಿಯರ್ ಇದ್ದಾರೆ, ಸಂಬಂಧವೇ ಇಲ್ಲದ ಇಬ್ಬರೂ ಕ್ಯಾರಿಯರ್ ಆಗಿರಬಹುದು. ಆದರೆ ನನ್ನಲ್ಲಿ ಇದೆ ಅಂದ ಮೇಲೆ, ಹೊರಗಿನ ಗಂಡು ಆಗಿದ್ದರೆ ಅವನಲ್ಲೂ ಇರುವ ಅವಕಾಶ ನೂರಕ್ಕೆ ಮೂರು ನಾಲ್ಕು. ಸೋದರಮಾವನ ಮಗನಲ್ಲಿ ಎಷ್ಟು? ನನಗೆ ಅವ್ವನಿಂದ ಬಂದಿರುವ ಅವಕಾಶ ಅರ್ಧ, ಅವ್ವನಲ್ಲಿದ್ದರೆ ಅವಳ ಅಣ್ಣನಲ್ಲೂ ಇರುವುದು ಅರ್ಧ, ಅಣ್ಣನಿಂದ ಮಗನಿಗೆ ಇಳಿಯುವುದು ಅರ್ಧ. ಮೂರು ಅರ್ಧ ಸೇರಿದರೆ ಎಂಟರಲ್ಲಿ ಒಂದು, ನೂರಕ್ಕೆ ಹನ್ನೆರಡೂವರೆ. ಸಂಬಂಧ ಮಾಡಿದ ಕೆಲಸ ಅದು, ಅವಕಾಶ ಹೆಚ್ಚಿಸಿತು.

ಇಬ್ಬರೂ ಕ್ಯಾರಿಯರ್ ಆದರೆ ಮಕ್ಕಳಿಗೆ ಏನು ಅನ್ನೋದನ್ನು ನಾನು ಅತ್ತೆಗೆ ತಿಳಿಸಿದ್ದು ಅಡುಗೆ ಮನೆಯಲ್ಲಿ, ಕಾಳು ಹಸನು ಮಾಡುವ ಮೊರ ಮುಂದಿಟ್ಟುಕೊಂಡು. ಜೋಳದ ಕಾಳು ಅಂದರೆ ಸರಿ ಇರುವ ಜೀನ್, ತೊಗರಿ ಕಾಳು ಅಂದರೆ ಕೆಟ್ಟದ್ದು. ನನ್ನ ಕೈಯಲ್ಲಿ ಒಂದು ಜೋಳ ಒಂದು ತೊಗರಿ, ನಿಮ್ಮ ಮಗನ ಕೈಯಲ್ಲೂ ಒಂದು ಜೋಳ ಒಂದು ತೊಗರಿ. ಮಗುವಿಗೆ ನಾನೊಂದು ಕಾಳು ಕೊಡುತ್ತೇನೆ, ಅವರೊಂದು ಕೊಡುತ್ತಾರೆ. ಯಾವುದು ಕೊಡಬೇಕು ಅನ್ನೋದು ನಮ್ಮ ಕೈಯಲ್ಲಿಲ್ಲ. ನನ್ನ ಜೋಳ ಅವರ ಜೋಳ ಬಂದರೆ ಮಗುವಿಗೆ ಏನೂ ಇಲ್ಲ. ನನ್ನ ಜೋಳ ಅವರ ತೊಗರಿ, ಇಲ್ಲವೇ ನನ್ನ ತೊಗರಿ ಅವರ ಜೋಳ ಬಂದರೆ ನಮ್ಮ ಹಾಗೆ ಕ್ಯಾರಿಯರ್. ಎರಡೂ ತೊಗರಿ ಬಂದರೆ ಮೇಜರ್.

ಅತ್ತೆ ನಾಲ್ಕು ಜೊತೆಯನ್ನೂ ನೋಡಿ, "ಅಂದ್ರ ನಾಕು ಮಕ್ಕಳಾದ್ರ ಒಂದಕ್ಕ ಬರ್ತದೇನವ್ವಾ? ಮೊದಲನೇದು ಚಲೋ ಐತಲ್ಲ, ಹಂಗಾದ್ರ ಇನ್ನೂ ಎರಡು ಚಲೋವು ಬರ್ತಾವ" ಅಂದರು. ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ನಾನೂ ಹಾಗೇ ತಿಳಿದಿದ್ದೆ. ಕಾಳು ಖರ್ಚಾಗುವುದಿಲ್ಲ. ಮಗುವಿಗೆ ಕೊಟ್ಟ ಮೇಲೂ ನನ್ನ ಕೈಯಲ್ಲಿ ಅದೇ ಒಂದು ಜೋಳ ಒಂದು ತೊಗರಿ ಇರುತ್ತವೆ. ಪ್ರತಿ ಬಸಿರಿಗೂ ಹೊಸದಾಗಿ ಎತ್ತಬೇಕು, ಪ್ರತಿ ಸಲವೂ ನಾಲ್ಕರಲ್ಲಿ ಒಂದು. ಹಿಂದಿನ ಮಗುವಿಗೆ ಏನು ಬಂತು ಅನ್ನೋದು ಮುಂದಿನದಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಗಂಡು ಹೆಣ್ಣು ಅನ್ನೋ ಭೇದವೂ ಇಲ್ಲ.

ಆಗ ನನಗೆ ಮಗಳ ಚಿಂತೆ ಹತ್ತಿತು. ಅವಳಿಗೆ ಮೇಜರ್ ಇದ್ದರೆ? ಡಾಕ್ಟರಮ್ಮ ಸಮಾಧಾನ ಮಾಡಿದರು. ಹೊಟ್ಟೆಯಲ್ಲಿರುವ ಮಗು ಬೇರೆ ಬಗೆಯ ಹಿಮೋಗ್ಲೋಬಿನ್ ಬಳಸುತ್ತದೆ, ಅದಕ್ಕೆ ಬೀಟಾ ಬೇಕಾಗಿಲ್ಲ. ಅದಕ್ಕೇ ಮೇಜರ್ ಇರುವ ಮಗುವೂ ಹುಟ್ಟುವಾಗ ಕೆಂಪಗೆ, ದುಂಡಗೆ ಇರುತ್ತದೆ. ಹುಟ್ಟಿದ ಮೇಲೆ ಆ ಹಿಮೋಗ್ಲೋಬಿನ್ ಇಳಿಯುತ್ತಾ ಬಂದು ಬೀಟಾ ಕೆಲಸ ಶುರು ಆಗಬೇಕು, ಆಗ ಕೊರತೆ ಬಯಲಾಗುತ್ತದೆ. ಹೆಚ್ಚಾಗಿ ಆರು ತಿಂಗಳಿನಿಂದ ಎರಡು ವರ್ಷದೊಳಗೆ ಮಗು ಬಿಳಿಚಿಕೊಳ್ಳುತ್ತದೆ, ಹಾಲು ಬಿಡುತ್ತದೆ, ತೂಕ ಏರುವುದಿಲ್ಲ, ಗುಲ್ಮ ದೊಡ್ಡದಾಗಿ ಹೊಟ್ಟೆ ಉಬ್ಬುತ್ತದೆ. ನಮ್ಮ ಮಗಳು ನಾಲ್ಕು ವರ್ಷಕ್ಕೆ ಓಣಿ ತುಂಬ ಓಡುತ್ತಿದ್ದಳು. ಹಾಗಾಗಿ ಎರಡು ತೊಗರಿಯ ಜೊತೆ ಅವಳ ಪಾಲಿಗೆ ಇಲ್ಲ ಅಂತಾಯಿತು. ಉಳಿದ ಮೂರು ಜೊತೆಯಲ್ಲಿ ಎರಡು ಕ್ಯಾರಿಯರ್. ಅಂದರೆ ಅವಳು ಕ್ಯಾರಿಯರ್ ಆಗಿರುವ ಅವಕಾಶ ಅರ್ಧ ಅಲ್ಲ, ಮೂರರಲ್ಲಿ ಎರಡು. ಪರೀಕ್ಷೆ ಮಾಡಿಸಿದೆವು. ಅವಳೂ ಕ್ಯಾರಿಯರ್.

ಹೊಟ್ಟೆಯಲ್ಲಿದ್ದ ಮಗುವಿನ ಮಾತು ಉಳಿದಿತ್ತು. ಅದಕ್ಕೆ ಎರಡು ಹೆಜ್ಜೆ. ಮೊದಲು ನಮ್ಮಿಬ್ಬರ ಜೀನಿನಲ್ಲಿ ಯಾವ ಜಾಗದಲ್ಲಿ ತಪ್ಪಿದೆ ಅಂತ ಡಿಎನ್‌ಎ ಪರೀಕ್ಷೆಯಿಂದ ಹುಡುಕಬೇಕು. ಬೀಟಾ ಜೀನ್ ಕೆಡುವ ರೀತಿ ನೂರಾರು ಇವೆ. ಯಾವುದು ಅಂತ ಗೊತ್ತಿಲ್ಲದೆ ಮಗುವಿನಲ್ಲಿ ಹುಡುಕುವುದು ಕಷ್ಟ. ಇಬ್ಬರ ರಕ್ತವನ್ನೂ ಬೆಂಗಳೂರಿಗೆ ಕಳಿಸಿದರು. ಇಬ್ಬರದ್ದೂ ಒಂದೇ ತಪ್ಪು ಬಂತು, ಐವಿಎಸ್ 1-5 ಅಂತ ಅದರ ಹೆಸರು. ಭಾರತದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದೂ ಅದೇ. ಅಜ್ಜನ ಮನೆಯ ಕಥೆಗೆ ಅದು ಸರಿಯಾಗಿ ಹೊಂದಿತು.

ಎರಡನೇ ಹೆಜ್ಜೆ ಸಿವಿಎಸ್. 11ರಿಂದ 13 ವಾರದ ಹೊತ್ತಿಗೆ ಮಾಸದಿಂದ, ಅಂದರೆ ಮಗುವಿಗೆ ಅನ್ನ ಮುಟ್ಟಿಸುವ ಭಾಗದಿಂದ, ಚೂರು ತೆಗೆದು ಪರೀಕ್ಷೆ ಮಾಡುವುದು. ಮಾಸವೂ ಮಗುವೂ ಒಂದೇ ಮೊಳಕೆಯಿಂದ ಬಂದವು, ಅದಕ್ಕೇ ಮಾಸದ ಜೀನ್ ನೋಡಿದರೆ ಮಗುವಿನದು ಗೊತ್ತಾಗುತ್ತದೆ. ಹೊತ್ತು ಮೀರಿದ್ದರೆ 16 ವಾರದ ಮೇಲೆ ಗರ್ಭದ ನೀರು ತೆಗೆದು ನೋಡಬಹುದು, ಆದರೆ ಉತ್ತರ ಬರುವಷ್ಟರಲ್ಲಿ ಬಸಿರು ಬಲಿತಿರುತ್ತದೆ. ಎಂಟನೇ ವಾರದಲ್ಲಿ ಅನುಮಾನ ಬಂದದ್ದಕ್ಕೇ ನಮಗೆ ಸಮಯ ಸಿಕ್ಕಿತು.

ಹೋಗುವ ಮುಂಚೆ ಡಾಕ್ಟರಮ್ಮ ಒಂದು ಮಾತು ಹೇಳಿದರು. ಮೇಜರ್ ಅಂದರೆ ಏನು ಅಂತ ಕಣ್ಣಾರೆ ನೋಡಿ ಬನ್ನಿ, ಆಮೇಲೆ ನಿಮ್ಮ ತೀರ್ಮಾನ ನೀವು ಮಾಡಿ ಅಂತ. ಬಳ್ಳಾರಿಯಲ್ಲಿ ರಕ್ತ ಹಾಕುವ ವಾರ್ಡಿಗೆ ಹೋದೆವು. ಒಂಬತ್ತು ವರ್ಷದ ಹುಡುಗನೊಬ್ಬ ಕೈಗೆ ಸೂಜಿ ಹಾಕಿಸಿಕೊಂಡು ಇನ್ನೊಂದು ಕೈಯಿಂದ ಚಿತ್ರ ಬಿಡಿಸುತ್ತಿದ್ದ. ಮೂರು ವಾರಕ್ಕೊಮ್ಮೆ ರಕ್ತ ಬೇಕು. ಹಾಕಿದ ರಕ್ತದ ಕಬ್ಬಿಣ ಹೊರಗೆ ಹೋಗುವುದಿಲ್ಲ, ಹೃದಯದಲ್ಲಿ, ಯಕೃತ್ತಿನಲ್ಲಿ ಕೂರುತ್ತದೆ, ಅದನ್ನು ಹೊರಹಾಕಲು ದಿನಾ ಬೆಳಿಗ್ಗೆ ನೀರಿನಲ್ಲಿ ಕರಗಿಸಿ ಕುಡಿಯುವ ಮಾತ್ರೆ. ನಮಗೆ ಕೊಡಬೇಕು ಅಂತಿದ್ದ ಕಬ್ಬಿಣವೇ ಅವನಿಗೆ ವಿಷ. ಅವನ ಅಪ್ಪ ಕೂಲಿಗೆ ಹೋಗುವವರು. ಫೈಲನ್ನು ಮಡಿಲಲ್ಲಿ ಇಟ್ಟುಕೊಂಡು, "ಶಾಣ್ಯಾ ಅದಾನ್ರೀ, ಲೆಕ್ಕದಾಗ ಮುಂದ" ಅಂತ ಮಗನ ಬಗ್ಗೆ ಹೇಳಿದರು. ಅಸ್ಥಿಮಜ್ಜೆ ಕಸಿ ಮಾಡಿದರೆ ವಾಸಿ ಆಗಬಹುದು, ಆದರೆ ಅವನ ಅಕ್ಕನದು ಹೊಂದಿಕೆ ಆಗಿಲ್ಲವಂತೆ. ಆ ಮಗು ಬದುಕುತ್ತಿದ್ದ ಬದುಕು ಕಡಿಮೆಯದು ಅಂತ ನನಗೆ ಅನ್ನಿಸಲಿಲ್ಲ. ಆದರೆ ತಿಳಿದೂ ತಿಳಿದೂ ಇನ್ನೊಂದು ಮಗುವನ್ನು ಆ ಸೂಜಿಗೆ ಒಡ್ಡುವ ಧೈರ್ಯ ನನಗಿದೆಯಾ ಅಂತ ರಾತ್ರಿಯೆಲ್ಲ ಯೋಚಿಸಿದೆ.

ಕೊಪ್ಪಳದಲ್ಲಿ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಅಲ್ಲಿ ಮೊದಲು ಒಂದು ಫಾರಂಗೆ ಸಹಿ ಹಾಕಿಸಿಕೊಂಡರು, ಮಗು ಗಂಡೋ ಹೆಣ್ಣೋ ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ ಅಂತ. ರಕ್ತದ ಗುಂಪು ನೋಡಿದರು. ನೆಗೆಟಿವ್ ಇದ್ದರೆ ಒಂದು ಇಂಜೆಕ್ಷನ್ ಕೊಡಬೇಕಂತೆ, ನನ್ನದು ಪಾಸಿಟಿವ್. ಸ್ಕ್ಯಾನಿಂಗ್ ಪರದೆ ನೋಡುತ್ತಾ ಹೊಟ್ಟೆಯ ಮೇಲಿನಿಂದ ಸೂಜಿ ಹಾಕಿದರು. ಮರಗಟ್ಟುವ ಮದ್ದು ಕೊಟ್ಟಿದ್ದರಿಂದ ನೋವಿಗಿಂತ ಒಳಗೆ ಹಿಂಡಿದ ಹಾಗೆ ಆಯಿತು. ಐದು ಹತ್ತು ನಿಮಿಷ. ಇದರಿಂದ ಗರ್ಭ ಹೋಗುವ ಅಪಾಯ ಸಣ್ಣದು, ನೂರಕ್ಕೆ ಒಂದರ ಒಳಗೆ, ಆದರೆ ಇಲ್ಲವೇ ಇಲ್ಲ ಅಂತಲ್ಲ ಅಂತ ಮುಂಚೆಯೇ ಹೇಳಿದ್ದರು. ತೆಗೆದ ಚೂರನ್ನು ಅಲ್ಲೇ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನನ್ನ ಕಡೆಯ ಅಂಗಾಂಶವನ್ನು ಬಿಡಿಸಿದರು. ನನ್ನ ರಕ್ತವನ್ನೂ ಮತ್ತೆ ತಗೊಂಡರು. ನನ್ನ ಜೀವಕೋಶ ಸ್ವಲ್ಪ ಬೆರೆತರೂ ಮಗುವಿನ ಉತ್ತರ ತಪ್ಪಾಗಬಹುದು, ಅದು ಬೆರೆತಿಲ್ಲ ಅಂತ ಹೋಲಿಸಿ ನೋಡಲು.

ಹತ್ತು ದಿನಕ್ಕೆ ಫೋನ್ ಬಂತು. ಎರಡೂ ತೊಗರಿ.

ನಾವು ಆ ಬಸಿರನ್ನು ಮುಂದುವರಿಸಲಿಲ್ಲ. 14 ವಾರ ಆಗಿತ್ತು, ಕಾನೂನಿನ ಗಡುವಿನ ಒಳಗೇ ಇದ್ದೆವು. ಯಾರೂ ಒತ್ತಾಯ ಮಾಡಲಿಲ್ಲ. ಇದೇ ಜಾಗದಲ್ಲಿ ನಿಂತು ಮಗು ಬೇಕು ಅಂದವರನ್ನೂ ನಾನು ಬಲ್ಲೆ, ಅವರದ್ದು ತಪ್ಪು ಅಂತ ನಾನು ಯಾವತ್ತೂ ಅನ್ನುವುದಿಲ್ಲ. ಮಾವ ಮೂರು ದಿನ ಊಟ ಬಿಟ್ಟರು. "ನನ್ನಿಂದ ಬಂತಲ್ಲವ್ವಾ" ಅಂತ ನನ್ನ ಮುಂದೆ ಅತ್ತರು. ನಿಮ್ಮಿಂದಷ್ಟೇ ಅಲ್ಲ ಮಾವ, ನಮ್ಮವ್ವನಿಂದಲೂ ಬಂತು, ನೀವಿಬ್ಬರೂ ಕೇಳಿ ಪಡೆದದ್ದಲ್ಲ ಅಂದೆ.

ಒಂದು ವರ್ಷದ ಮೇಲೆ ಮತ್ತೆ ಬಸಿರಾದೆ. ಈ ಸಲ ಅವ್ವನೇ ಅಂದಳು, "ಒಂದು ಹೋಗೇತಲ್ಲ, ಇನ್ನ ಬರಂಗಿಲ್ಲ ಬಿಡು." ಆಸೆಯಿಂದ ಅಂದದ್ದು, ನನಗೂ ಹಾಗೇ ನಂಬಬೇಕು ಅನ್ನಿಸಿತು. ಆದರೆ ಕೈಯಲ್ಲಿ ಅದೇ ನಾಲ್ಕು ಕಾಳು. ನಮ್ಮ ಜೀನಿನ ತಪ್ಪು ಮುಂಚೆಯೇ ಗೊತ್ತಿದ್ದರಿಂದ ಮೊದಲನೇ ಹೆಜ್ಜೆ ಬೇಕಾಗಲಿಲ್ಲ, ಸೀದಾ 12ನೇ ವಾರಕ್ಕೆ ಹೋದೆವು. ಈ ಸಲ ಒಂದು ಜೋಳ ಒಂದು ತೊಗರಿ. ಆ ಮಗು ಈಗ ಹನ್ನೊಂದು ತಿಂಗಳ ಹುಡುಗ, ನೆಲ ಬಿಟ್ಟು ಏಳುತ್ತಿದ್ದಾನೆ.

ಕಬ್ಬಿಣದ ಮಾತ್ರೆ ಬಗ್ಗೆ ಒಂದು ಮಾತು ಹೇಳಲೇಬೇಕು. ನನ್ನ ಕಥೆ ಕೇಳಿದ ನಮ್ಮ ಓಣಿಯ ಹುಡುಗಿಯೊಬ್ಬಳು ಮಾತ್ರೆ ಬಿಟ್ಟುಬಿಟ್ಟಿದ್ದಳು. ಹಾಗೆ ಮಾಡಬಾರದು. ಕ್ಯಾರಿಯರ್ ಆದವರಿಗೂ ಕಬ್ಬಿಣ ಕಡಿಮೆ ಇರಬಹುದು, ಫೆರಿಟಿನ್ ನೋಡಿಯೇ ತೀರ್ಮಾನ ಮಾಡಬೇಕು. ಕಬ್ಬಿಣ ತುಂಬಾ ಕಡಿಮೆ ಇದ್ದರೆ ಎಚ್‌ಬಿ ಎ2 ಸ್ವಲ್ಪ ಇಳಿದು ಕ್ಯಾರಿಯರ್ ಅನ್ನೋದೇ ಮರೆಯಾಗಬಹುದು. ಈಚೆಗೆ ರಕ್ತ ಹಾಕಿಸಿಕೊಂಡಿದ್ದರೂ ಅಷ್ಟೇ, ಆ ಪರೀಕ್ಷೆಯಲ್ಲಿ ಕೊಟ್ಟವರ ರಕ್ತವೂ ಸೇರಿ ಅಳತೆ ಆಗುತ್ತದೆ.

ಹೋದ ತಿಂಗಳು ಮೈದುನನಿಗೆ ಹೆಣ್ಣು ನೋಡಿದೆವು. ಅವನೂ ಕ್ಯಾರಿಯರ್ ಅಂತ ಗೊತ್ತಿತ್ತು. ಹೆಣ್ಣು ಸಿಂಧನೂರಿನ ಕಡೆಯವಳು, ನಮಗೆ ಸಂಬಂಧವಿಲ್ಲ. ಮಾತು ಮುಂದುವರಿಯುವ ಮುಂಚೆ ಮಾವನೇ ಬೀಗರ ಮುಂದೆ ಕೂತು, ನಮ್ಮ ಮನೆಯಲ್ಲಿ ಹೀಗೆ ಹೀಗೆ ಇದೆ, ನನ್ನಲ್ಲೂ ಇದೆ, ಹುಡುಗನಲ್ಲೂ ಇದೆ, ಹುಡುಗಿಯ ರಕ್ತ ಒಂದು ಸಲ ನೋಡಿಸೋಣ ಅಂತ ಕೇಳಿದರು. ಹುಡುಗಿಯಲ್ಲಿ ಇದ್ದರೆ ನಾವು ಬಿಡುವುದಿಲ್ಲ, ತಿಳಿದುಕೊಂಡು ಮುಂದೆ ಹೋಗೋಣ ಅಂತಲೂ ಅಂದರು. ಅವರ ಅಪ್ಪ ಸ್ವಲ್ಪ ಹೊತ್ತು ಸುಮ್ನೆ ಇದ್ದು, ಆಮೇಲೆ ಆಗಲಿ ಅಂದರು. ಎಂಸಿವಿ 86, ಎಚ್‌ಬಿ ಎ2 2.7 ಬಂತು. ಅವಳ ಕೈಯಲ್ಲಿ ಎರಡೂ ಜೋಳ. ಅವರ ಮಕ್ಕಳು ಕ್ಯಾರಿಯರ್ ಆಗಬಹುದು, ಅರ್ಧಕ್ಕರ್ಧ, ಆದರೆ ಮೇಜರ್ ಬರುವ ದಾರಿ ಅಲ್ಲಿಲ್ಲ. ಎಲೆ ಅಡಿಕೆ ಶಾಸ್ತ್ರದ ದಿನ ಆ ಕಾಗದ ಮಾವನ ಅಂಗಿ ಜೇಬಿನಲ್ಲೇ ಇತ್ತು, ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು.